ಒಂಬತ್ತು ನಿಮಿಷ, ಹನ್ನೆರಡು ಸ್ಲೈಡ್: ಕತ್ತರಿ ಎಲ್ಲಿ ಹಾಕಬೇಕು?

ನಮ್ಮೂರಿನ ಕೆರೆಗೆ ನೀರು ತರುವ ಕಾಲುವೆ ಹೂಳು, ಜಾಲಿ ತುಂಬಿ ಮುಚ್ಚಿಹೋಗಿದೆ. ತೂಬು ಸೋರುತ್ತದೆ. ಇವೆರಡನ್ನೂ ಸರಿಮಾಡಿಸಲು 3 ಲಕ್ಷ 40 ಸಾವಿರ ರೂಪಾಯಿ ಬೇಕಿತ್ತು. ಇಂಥ ಕೆಲಸಕ್ಕೆ ಹಣ ಕೊಡುವ ಒಂದು ಸಂಸ್ಥೆಗೆ ನಮ್ಮೂರಿನ ಮಹಿಳಾ ಸಂಘದವರು ಅರ್ಜಿ ಹಾಕಿದ್ದರು. ಜಿಲ್ಲಾ ಕೇಂದ್ರಕ್ಕೆ ಬಂದು ಸಮಿತಿಯ ಮುಂದೆ ವಿವರಿಸಿ ಅಂತ ಪತ್ರ ಬಂತು. ಅದರಲ್ಲಿ ಒಂದು ಸಾಲಿತ್ತು: ಪ್ರತಿ ತಂಡಕ್ಕೆ 15 ನಿಮಿಷ, ಪ್ರಶ್ನೋತ್ತರ ಸೇರಿ.

ಮಾತಾಡಬೇಕಿದ್ದವರು ಸಂಘದ ಅಧ್ಯಕ್ಷೆ. ಊರಲ್ಲಿ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುವುದು. ಸ್ಲೈಡ್ ಮಾಡಿಕೊಡುವುದು, ಹೊತ್ತು ಹೊಂದಿಸುವುದು ನನ್ನ ಪಾಲಿಗೆ ಬಂತು. ಸ್ಲೈಡ್ ಮಾಡುವುದು ಹೇಗೆ ಅಂತ ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಹೊತ್ತು ಹಂಚುವುದನ್ನು, ಹೊತ್ತು ಸಾಲದಿದ್ದರೆ ಯಾವುದನ್ನು ಬಿಡಬೇಕು ಅಂತ ಮೊದಲೇ ಗುರುತು ಹಾಕುವುದನ್ನು ಹೇಳುವವರು ಕಡಿಮೆ. ನಾವು ಮಾಡಿದ್ದನ್ನು ಲೆಕ್ಕದ ಸಮೇತ ಬರೆಯುತ್ತೇನೆ. ಗ್ರಾಮಸಭೆ, ಹಾಲಿನ ಡೇರಿ, ರೈತ ಸಂಘ, ಶಾಲೆ, ಯಾವುದರ ಪರವಾಗಿ ನೀವು ಮಾತಾಡಲು ಹೋದರೂ ಇದೇ ಲೆಕ್ಕ ನಡೆಯುತ್ತದೆ.

15 ಅಂದರೆ 9

ಪತ್ರದಲ್ಲಿ 15 ನಿಮಿಷ ಅಂತ ಇದ್ದರೆ ಮಾತಿಗೆ 15 ನಿಮಿಷ ಸಿಗುವುದಿಲ್ಲ. ಪ್ರಶ್ನೆಗೆ 5 ನಿಮಿಷ ತೆಗೆದಿಟ್ಟೆವು. ಹಣ ಕೊಡುವವರು ಪ್ರಶ್ನೆ ಕೇಳದೆ ಹಣ ಕೊಡುವುದಿಲ್ಲ, ಆದ್ದರಿಂದ ಅದನ್ನು ಮುಟ್ಟುವ ಹಾಗಿಲ್ಲ. ಉಳಿದ 10ರಲ್ಲಿ ವೇದಿಕೆ ಹತ್ತಿ, ಮೈಕ್ ಸರಿಮಾಡಿಕೊಂಡು, ಪೆನ್‌ಡ್ರೈವ್‌ನಿಂದ ಫೈಲ್ ತೆರೆಯುವುದಕ್ಕೆ 1 ನಿಮಿಷ. ಮಾತಿಗೆ ಉಳಿದದ್ದು 9 ನಿಮಿಷ, ಅಂದರೆ 540 ಸೆಕೆಂಡ್.

ನಮ್ಮ ಬಳಿ 12 ಸ್ಲೈಡ್ ಇದ್ದವು. 540ನ್ನು 12ರಿಂದ ಭಾಗಿಸಿದರೆ ಒಂದಕ್ಕೆ 45 ಸೆಕೆಂಡ್. ಈ ಸಮಪಾಲು ನೋಡಲು ಚೆಂದ, ನಡೆಯುವುದಿಲ್ಲ. 2003ರಲ್ಲಿ ಟೋಕಿಯೋದಲ್ಲಿ ಶುರುವಾದ ಪೆಚಾಕುಚಾ ಅನ್ನುವ ಪದ್ಧತಿಯಲ್ಲಿ 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್ ಅಂತ ಸಮಪಾಲೇ ಇದೆ. ಆದರೆ ಅಲ್ಲಿ ಸ್ಲೈಡ್ ತಾನೇ ಮುಂದೆ ಹೋಗುತ್ತದೆ, ಮಾತನ್ನೂ ಆ ಅಳತೆಗೇ ಕಟ್ಟಿರುತ್ತಾರೆ. ನಮಗೆ ಹಾಗಲ್ಲ. ಊರಿನ ಹೆಸರು ಹೇಳಲು 20 ಸೆಕೆಂಡ್ ಸಾಕು. ಕಾಲುವೆ ಎಲ್ಲೆಲ್ಲಿ ಮುಚ್ಚಿದೆ ಅಂತ ಫೋಟೋ ತೋರಿಸಿ ಹೇಳಲು ಒಂದು ನಿಮಿಷವೂ ಸಾಲದು.

ಮೊದಲ ಸಲ ಜೋರಾಗಿ ಹೇಳಿದಾಗ

ಹಂಚುವ ಮೊದಲು ಅಳೆಯಬೇಕು. ಮನಸ್ಸಿನಲ್ಲೇ ಓದಿಕೊಂಡು ಅಳೆದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಮನಸ್ಸು ಬಾಯಿಗಿಂತ ಬೇಗ ಓಡುತ್ತದೆ. ಎದ್ದು ನಿಂತು, ಎದುರಿಗೆ ನಾಲ್ಕು ಜನರನ್ನು ಕೂರಿಸಿಕೊಂಡು, ಜೋರಾಗಿ ಹೇಳಬೇಕು. ಅಂಗನವಾಡಿ ಕೋಣೆಯಲ್ಲಿ ಸಂಜೆ ಸೇರಿದೆವು. ಅಕ್ಕ ಮಾತಾಡಿದರು, ನಾನು ಲ್ಯಾಪ್‌ಟಾಪ್‌ನಲ್ಲಿ ಸ್ಲೈಡ್ ಬದಲಿಸಿದೆ, ಅವರ ಸೊಸೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದುಕೊಂಡಳು. ಸ್ಟಾಪ್‌ವಾಚ್‌ನಲ್ಲಿ Lap ಅಂತ ಒಂದು ಗುಂಡಿ ಇರುತ್ತದೆ. ಸ್ಲೈಡ್ ಬದಲಾದಾಗಲೆಲ್ಲ ಅದನ್ನು ಒತ್ತಿದರೆ ಪ್ರತಿ ಸ್ಲೈಡ್ ಎಷ್ಟು ಹೊತ್ತು ತಿಂದಿತು ಅಂತ ಪಟ್ಟಿಯೇ ಸಿಗುತ್ತದೆ.

ಒಟ್ಟು 13 ನಿಮಿಷ 40 ಸೆಕೆಂಡ್ ಆಯಿತು. ಇದ್ದದ್ದು 9 ನಿಮಿಷ.

ಬರೀ ಒಟ್ಟು ಮೊತ್ತ ನೋಡಿದ್ದರೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: "ಸ್ವಲ್ಪ ಬೇಗ ಬೇಗ ಮಾತಾಡಿ ಅಕ್ಕ." ಪಟ್ಟಿ ಬೇರೆಯೇ ಹೇಳಿತು. ಹೆಚ್ಚಾದ ನಾಲ್ಕೂಮುಕ್ಕಾಲು ನಿಮಿಷ ಎಲ್ಲ ಸ್ಲೈಡ್‌ಗಳಲ್ಲೂ ಹರಡಿರಲಿಲ್ಲ, ಮೂರೇ ಸ್ಲೈಡ್‌ಗಳಲ್ಲಿ ಕೂತಿತ್ತು. ಕಾಲುವೆಯ ಫೋಟೋಗಳಿಗೆ ಎರಡೂವರೆ ನಿಮಿಷ. ಖರ್ಚಿನ ಪಟ್ಟಿಗೆ ಎರಡು ನಿಮಿಷ, ಯಾಕೆಂದರೆ ಎಂಟು ಸಾಲನ್ನೂ ಅಕ್ಕ ಓದಿ ಹೇಳಿದರು. ಕೆರೆಯ ಇತಿಹಾಸಕ್ಕೆ ಮೂರು ನಿಮಿಷ ದಾಟಿತ್ತು.

ಹಾಗಾಗಿ ಮಾತಿನ ವೇಗ ಮುಟ್ಟಲಿಲ್ಲ. ಆರು ಫೋಟೋ ಮೂರಾಯಿತು. ಖರ್ಚಿನ ಎಂಟು ಸಾಲು ಮೂರಾಯಿತು: ಕಾಲುವೆ, ತೂಬು, ಒಟ್ಟು. ಪೂರ್ತಿ ಪಟ್ಟಿಯನ್ನು ಹಾಳೆಯಲ್ಲಿ ಅಚ್ಚು ಹಾಕಿಸಿ ಸಮಿತಿಯವರ ಕೈಗೇ ಕೊಡುವುದು ಅಂತಾಯಿತು. ಇತಿಹಾಸದ ಕಥೆಗೆ ಬರುತ್ತೇನೆ, ಅದು ಅಷ್ಟು ಸುಲಭವಾಗಿರಲಿಲ್ಲ.

ನಮ್ಮ ಹಂಚಿಕೆ

ಎರಡನೇ ಸಲ 10 ನಿಮಿಷ 5 ಸೆಕೆಂಡ್, ಮೂರನೇ ಸಲ 9 ನಿಮಿಷ 10 ಸೆಕೆಂಡ್ ಬಂತು. ಆಗ ಈ ಪಟ್ಟಿ ಗಟ್ಟಿಯಾಯಿತು. ಕೊನೆಯ ಅಂಕಿ ಆ ಸ್ಲೈಡ್ ಮುಗಿಯುವಾಗ ಸ್ಟಾಪ್‌ವಾಚ್ ತೋರಿಸಬೇಕಾದ ಹೊತ್ತು.

1. ಊರು, ಸಂಘದ ಹೆಸರು: 20 ಸೆಕೆಂಡ್, 0:20
2. ನಾವು ಕೇಳುತ್ತಿರುವುದು ಏನು: 40 ಸೆಕೆಂಡ್, 1:00
3. ಕೆರೆ, ಕಾಲುವೆಯ ನಕ್ಷೆ: 60 ಸೆಕೆಂಡ್, 2:00
4. ಕಾಲುವೆ ಮುಚ್ಚಿರುವ ಜಾಗಗಳ ಫೋಟೋ: 75 ಸೆಕೆಂಡ್, 3:15
5. ಬಾವಿ, ಬೋರ್‌ವೆಲ್‌ಗಳ ಸ್ಥಿತಿ: 45 ಸೆಕೆಂಡ್, 4:00
6. ಕೆರೆಯ ಇತಿಹಾಸ: 40 ಸೆಕೆಂಡ್, 4:40
7. ಊರವರು ಮಾಡಿದ ಶ್ರಮದಾನ: 40 ಸೆಕೆಂಡ್, 5:20
8. ಮಾಡಬೇಕಾದ ಕೆಲಸ: 60 ಸೆಕೆಂಡ್, 6:20
9. ಖರ್ಚು: 60 ಸೆಕೆಂಡ್, 7:20
10. ಮುಂದೆ ನೋಡಿಕೊಳ್ಳುವವರು ಯಾರು: 45 ಸೆಕೆಂಡ್, 8:05
11. ಯಾವ ತಿಂಗಳು ಯಾವ ಕೆಲಸ: 25 ಸೆಕೆಂಡ್, 8:30
12. ನಮ್ಮ ಕೋರಿಕೆ, ಮತ್ತೊಮ್ಮೆ: 30 ಸೆಕೆಂಡ್, 9:00

ಸ್ಲೈಡ್‌ಗೆ ಎಷ್ಟು ಸೆಕೆಂಡ್ ಅನ್ನುವ ಅಂಕಿ ತಯಾರಿಯಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ವೇದಿಕೆಯ ಮೇಲೆ ಬೇಕಾದದ್ದು ಕೊನೆಯ ಅಂಕಿ. ಮಾತಾಡುತ್ತಾ ಯಾರೂ ಕೂಡಿ ಕಳೆಯುವ ಲೆಕ್ಕ ಮಾಡಲಾರರು. ಸ್ಟಾಪ್‌ವಾಚ್ 4:10 ತೋರಿಸುತ್ತಿದೆ, ಪಟ್ಟಿಯಲ್ಲಿ 4:00 ಇದೆ, ಅಂದರೆ ಸರಿಯಾಗಿದ್ದೇವೆ. ಇಷ್ಟು ಒಂದು ನೋಟದಲ್ಲಿ ತಿಳಿಯಬೇಕು.

ಹನ್ನೆರಡು ಅಂಕಿಯನ್ನೂ ನೋಡುತ್ತಾ ಕೂತರೆ ಮಾತು ಕೆಡುತ್ತದೆ. ಅಕ್ಕನ ಕೈಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಮೂರೇ ಬರೆದೆವು: 2 ಮುಗಿದಾಗ 1:00, 5 ಮುಗಿದಾಗ 4:00, 8 ಮುಗಿದಾಗ 6:20.

ಕತ್ತರಿ ಗುರುತು

ಹೊತ್ತು ಸಾಲದಿದ್ದರೆ ಏನಾಗುತ್ತದೆ ಅಂತ ಎಲ್ಲರೂ ಕಂಡೇ ಇರುತ್ತೀರಿ. ಮಾತಾಡುವವರು ಮೊದಲಿನ ಸ್ಲೈಡ್‌ಗಳನ್ನು ನಿಧಾನವಾಗಿ ಹೇಳುತ್ತಾರೆ, ಗಂಟೆ ಬಾರಿಸಿದ ಮೇಲೆ ಉಳಿದ ಎಂಟು ಹತ್ತು ಸ್ಲೈಡ್‌ಗಳನ್ನು ಸರಸರ ಓಡಿಸಿ "ಎಲ್ಲರಿಗೂ ಧನ್ಯವಾದ" ಅನ್ನುತ್ತಾರೆ. ಮೊದಲೇ ತೀರ್ಮಾನ ಮಾಡಿರದಿದ್ದರೆ ಕತ್ತರಿ ತಾನಾಗಿ ಕೊನೆಗೇ ಬೀಳುತ್ತದೆ. ಹಣ ಕೇಳುವ ಮಾತಿನಲ್ಲಿ ಕೊನೆಯಲ್ಲೇ ಇರುವುದು ಖರ್ಚು, ನಿರ್ವಹಣೆ, ಕೋರಿಕೆ. ಬಂದ ಕೆಲಸವೇ ಕತ್ತರಿಗೆ ಸಿಕ್ಕಿಬಿಡುತ್ತದೆ.

ಅದಕ್ಕೆ ಕತ್ತರಿಯನ್ನು ಮನೆಯಲ್ಲಿ, ನೆಮ್ಮದಿಯಾಗಿ ಕೂತಾಗ, ನಡುವಿಗೆ ಹಾಕಿಕೊಂಡು ಹೋಗಬೇಕು. ನಾವು ಎರಡು ಗುರುತು ಹಾಕಿದೆವು.

ಮೊದಲ ಕತ್ತರಿ 5ನೇ ಸ್ಲೈಡ್ ಆದಮೇಲೆ. ಆಗ ಸ್ಟಾಪ್‌ವಾಚ್ 4:30 ದಾಟಿದ್ದರೆ 6 ಮತ್ತು 7 ಬಿಟ್ಟು ನೇರ 8ಕ್ಕೆ. ಇದರಿಂದ 80 ಸೆಕೆಂಡ್ ಉಳಿಯುತ್ತದೆ. 4:00 ದಾಟಿದ ಕೂಡಲೇ ಕತ್ತರಿ ಹಾಕುವುದಿಲ್ಲ. ಅರ್ಧ ನಿಮಿಷದ ತಡವನ್ನು ಸಭೆ ಸಹಿಸುತ್ತದೆ, ಮುಂದಿನ ಸ್ಲೈಡ್‌ಗಳಲ್ಲಿ ಅದು ಸರಿಹೋಗಲೂಬಹುದು.

ಎರಡನೇ ಕತ್ತರಿ 8ನೇ ಸ್ಲೈಡ್ ಆದಮೇಲೆ. 6:50 ದಾಟಿದ್ದರೆ ಖರ್ಚಿನ ಸ್ಲೈಡ್ ತೋರಿಸಿ ಒಟ್ಟು ಮೊತ್ತವನ್ನಷ್ಟೇ ಹೇಳುವುದು, 15 ಸೆಕೆಂಡ್. ತಿಂಗಳವಾರು ಪಟ್ಟಿಯಾದ 11ನ್ನು ಬಿಡುವುದು. ಇಲ್ಲಿ 45 ಮತ್ತು 25, ಸೇರಿ 70 ಸೆಕೆಂಡ್ ಉಳಿಯುತ್ತದೆ. ಎರಡೂ ಕತ್ತರಿ ಬಿದ್ದರೆ 9 ನಿಮಿಷದ ಮಾತು ಆರೂವರೆ ನಿಮಿಷಕ್ಕೆ ಇಳಿಯುತ್ತದೆ.

2 ಮತ್ತು 12ನೇ ಸ್ಲೈಡ್‌ಗೆ ಕತ್ತರಿ ಮುಟ್ಟುವ ಹಾಗೇ ಇಲ್ಲ. ಕೇಳಬೇಕಾದದ್ದನ್ನು ಮೊದಲ ನಿಮಿಷದಲ್ಲೇ ಒಮ್ಮೆ ಹೇಳಿಬಿಟ್ಟರೆ ಮಧ್ಯದಲ್ಲಿ ಯಾರಾದರೂ ನಿಲ್ಲಿಸಿದರೂ ಬಂದ ವಿಷಯ ಹೇಳಿಯಾಗಿರುತ್ತದೆ.

ಅಕ್ಕ ಒಪ್ಪದ ಮಾತು

ಇತಿಹಾಸದ ಸ್ಲೈಡ್‌ಗೆ ಕತ್ತರಿ ಗುರುತು ಹಾಕಿದ್ದು ನೋಡಿ ಅಕ್ಕ ಚೀಟಿ ಕೆಳಗಿಟ್ಟರು. "ಅದನ್ನ ಬಿಟ್ರೆ ನಮ್ ಕೆರೇಲಿ ಇನ್ನೇನೈತೆ ತಮ್ಮಾ? ಹೂಳು ಎಲ್ಲಾ ಕೆರೇಲೂ ಐತೆ" ಅಂದರು. ಅವರ ಮಾವ ಆ ಕೆರೆಯ ನೀರುಗಂಟಿ ಆಗಿದ್ದವರು. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವರ ಕೆಲಸವಾಗಿತ್ತು. ಕೋಡಿ ಬಿದ್ದ ವರ್ಷ ಊರೆಲ್ಲ ಏರಿ ಮೇಲೆ ಸೇರಿ ಗಂಗಮ್ಮನ ಪೂಜೆ ಮಾಡಿದ್ದನ್ನು ಅಕ್ಕ ಹೇಳಲು ಕೂತರೆ ಕೇಳುವವರು ಎದ್ದು ಹೋಗುವುದಿಲ್ಲ. ನಮ್ಮ ಹನ್ನೆರಡು ಸ್ಲೈಡ್‌ನಲ್ಲಿ ಚೆನ್ನಾಗಿದ್ದ ಮಾತು ಅದೇ, ನನಗೂ ಗೊತ್ತಿತ್ತು.

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಯಾವುದು ಚೆಂದ, ಯಾವುದು ಸಪ್ಪೆ ಅಂತಲ್ಲ. ಈ ಸ್ಲೈಡ್ ಕೇಳದೆ ಹೋದರೂ ಎದುರಿಗೆ ಕೂತವರು ಹೌದು ಅಥವಾ ಇಲ್ಲ ಅನ್ನಬಲ್ಲರೇ? ಕಾಲುವೆ ಎಲ್ಲಿ ಮುಚ್ಚಿದೆ ಅಂತ ಗೊತ್ತಿಲ್ಲದೆ ಅವರು ತೀರ್ಮಾನ ಮಾಡಲಾರರು. ಮುಂದೆ ನೋಡಿಕೊಳ್ಳುವವರು ಯಾರು ಅಂತ ಗೊತ್ತಿಲ್ಲದೆ ಹಣ ಕೊಡಲಾರರು. ಮಾವನವರ ಕಥೆ ಕೇಳದೆಯೂ ತೀರ್ಮಾನ ಮಾಡಬಲ್ಲರು. ಹೃದಯಕ್ಕೆ ಹತ್ತಿರವಾದದ್ದು ಮೊದಲ ಕತ್ತರಿಗೆ ಸಿಗುವುದು ಹೀಗೆ.

ಅಕ್ಕ ರಾತ್ರಿ ಯೋಚನೆ ಮಾಡಿ ಬೆಳಿಗ್ಗೆ ತಾವೇ ದಾರಿ ಹುಡುಕಿದ್ದರು. ಕಥೆಯಿಂದ ಒಂದೇ ಒಂದು ವಾಕ್ಯ ಎತ್ತಿ ನಕ್ಷೆಯ ಸ್ಲೈಡ್‌ಗೆ ಸೇರಿಸಿದರು. ನಕ್ಷೆಯಲ್ಲಿ ತೂಬಿನ ಮೇಲೆ ಬೆರಳಿಟ್ಟು "ನಮ್ಮ ಮಾವನೋರು ಎತ್ತುತಿದ್ದ ತೂಬು ಇದು" ಅನ್ನುವುದು. ನಾಲ್ಕು ಸೆಕೆಂಡ್. 6ನೇ ಸ್ಲೈಡ್ ಬಿದ್ದರೂ ಮಾವ ಮಾತಿನಲ್ಲಿ ಉಳಿದರು. ಕತ್ತರಿಗೆ ಗುರುತಾದ ಸ್ಲೈಡ್‌ನ ತಿರುಳೊಂದನ್ನು ಕತ್ತರಿ ಮುಟ್ಟದ ಸ್ಲೈಡ್‌ನಲ್ಲಿ ಮೊದಲೇ ಇಟ್ಟುಬಿಡುವುದು ಎಲ್ಲರಿಗೂ ಆಗಿಬರುವ ಉಪಾಯ.

ಹೊಲಿಗೆಯ ವಾಕ್ಯ

ಬಟ್ಟೆ ಕತ್ತರಿಸಿದ ಕಡೆ ಹೊಲಿಗೆ ಹಾಕಬೇಕು. ಬಾವಿಗಳ ಸ್ಥಿತಿ ಹೇಳಿ ನೇರ ಕೆಲಸದ ಸ್ಲೈಡ್‌ಗೆ ಹಾರಿದರೆ ಕೇಳುವವರಿಗೆ ಏನೋ ತಪ್ಪಿತು ಅನ್ನಿಸುತ್ತದೆ. ಅಲ್ಲಿ ಹೇಳಲು ಒಂದು ವಾಕ್ಯ ಬರೆದಿಟ್ಟುಕೊಂಡೆವು: "ಈ ಬಾವಿಗಳಿಗೆ ಮತ್ತೆ ನೀರು ಬರಬೇಕಾದರೆ ಆಗಬೇಕಾದ್ದು ಎರಡು ಕೆಲಸ." ಖರ್ಚಿನ ಕಡೆಗೆ: "ಒಟ್ಟು 3 ಲಕ್ಷ 40 ಸಾವಿರ, ವಿವರ ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿದೆ."

"ಟೈಮ್ ಇಲ್ಲ, ಇದನ್ನು ಬಿಡ್ತೀನಿ" ಅಂತ ಮಾತ್ರ ಹೇಳಬಾರದು. ಹಾಗೆಂದ ಕೂಡಲೇ ಕೇಳುವವರ ಗಮನ ಬಿಟ್ಟುಹೋದದ್ದರ ಮೇಲೆ ಹೋಗುತ್ತದೆ.

ಸ್ಲೈಡ್ ದಾಟಿಸುವ ರೀತಿಯೂ ಇದೆ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಪರದೆ ತುಂಬ ಕಾಣುತ್ತಿರುವಾಗ ಕೀಲಿಮಣೆಯಲ್ಲಿ 8 ಒತ್ತಿ Enter ಒತ್ತಿದರೆ ನೇರ 8ನೇ ಸ್ಲೈಡ್ ಬರುತ್ತದೆ. 6, 7 ಪರದೆಯ ಮೇಲೆ ಮಿಂಚಿ ಹೋಗುವುದಿಲ್ಲ. ಇದಕ್ಕೆ ಯಾವ ಸ್ಲೈಡ್‌ಗೆ ಯಾವ ಸಂಖ್ಯೆ ಅನ್ನುವ ಚೀಟಿ ಸ್ಲೈಡ್ ಬದಲಿಸುವವರ ಕೈಯಲ್ಲಿರಬೇಕು. ಬಿಟ್ಟ ಸ್ಲೈಡ್ ಫೈಲಿನಲ್ಲೇ ಇರುತ್ತದೆ, ಪ್ರಶ್ನೆ ಬಂದಾಗ ಅದೇ ರೀತಿ ಕರೆಯಬಹುದು.

ಪವರ್‌ಪಾಯಿಂಟ್‌ನಲ್ಲೇ ಒಂದು ಬಲೆಯೂ ಇದೆ. Slide Show ಪಟ್ಟಿಯಲ್ಲಿ Rehearse Timings ಅಂತ ಇದೆ. ಅದೂ ಸ್ಟಾಪ್‌ವಾಚ್‌ನ ಹಾಗೆ ಪ್ರತಿ ಸ್ಲೈಡ್‌ನ ಹೊತ್ತು ಅಳೆಯುತ್ತದೆ. ಕೊನೆಯಲ್ಲಿ ಈ ಹೊತ್ತನ್ನು ಉಳಿಸಲೇ ಅಂತ ಕೇಳುತ್ತದೆ. ಹೌದು ಅಂದರೆ ನಿಜವಾದ ಸಭೆಯಲ್ಲಿ ಆ ಹೊತ್ತು ಮುಗಿದ ಕೂಡಲೇ ಸ್ಲೈಡ್ ತಾನೇ ಮುಂದೆ ಹೋಗುತ್ತದೆ, ನೀವಿನ್ನೂ ಮಾತಾಡುತ್ತಿದ್ದರೂ. ಸ್ಲೈಡ್ ತಾನಾಗಿ ಓಡುತ್ತಿದ್ದರೆ ಅದೇ ಪಟ್ಟಿಯಲ್ಲಿ Use Timings ಮುಂದಿರುವ ಗುರುತು ತೆಗೆಯಿರಿ. ನಮಗೆ ಮೊಬೈಲಿನ ಸ್ಟಾಪ್‌ವಾಚ್ ಸಾಕಾಯಿತು.

ಕತ್ತರಿ ಹಾಕಿದ ಮಾತನ್ನೂ ಒಂದು ಸಲ ಪೂರ್ತಿ ಹೇಳಿ ನೋಡಬೇಕು. ಉದ್ದದ ಮಾತನ್ನು ಹತ್ತು ಸಲ ಹೇಳಿ ಅಭ್ಯಾಸವಾದವರಿಗೆ 5 ಆದಮೇಲೆ ನಾಲಿಗೆ ತಾನಾಗಿ 6ಕ್ಕೇ ಹೋಗುತ್ತದೆ. ನಾಲ್ಕನೇ ಅಭ್ಯಾಸದಲ್ಲಿ ಅಕ್ಕನಿಗೆ ಹೇಳದೆ ನಾನು ನಡುವೆ ಎರಡು ಪ್ರಶ್ನೆ ಹಾಕಿ ತಡ ಮಾಡಿಸಿದೆ. 5 ಮುಗಿದಾಗ 4:50 ಆಗಿತ್ತು. ಸೊಸೆ ಕೈ ಎತ್ತಿದಳು. ಅಕ್ಕ ಒಂದು ಗಳಿಗೆ ನಿಂತು, ಹೊಲಿಗೆಯ ವಾಕ್ಯ ಹೇಳಿ 8ಕ್ಕೆ ಹೋದರು. 8:30ಕ್ಕೆ ಮುಗಿಯಿತು.

ಸಭೆಯ ದಿನ

ನಮ್ಮದು ನಾಲ್ಕನೇ ಸರದಿ. ಮೊದಲ ಮೂರು ತಂಡದವರೂ ಹೊತ್ತು ಮೀರಿದ್ದರು. ಅದರಲ್ಲಿ ಒಂದು ತಂಡದವರು ಇಪ್ಪತ್ತು ನಿಮಿಷ ಮಾತಾಡಿ ಕೂತ ಮೇಲೆ ಸಮಿತಿಯವರೊಬ್ಬರು "ಅಲ್ಲಾ, ಒಟ್ಟು ನಿಮಗೆ ಎಷ್ಟು ಬೇಕು?" ಅಂತ ಕೇಳಬೇಕಾಯಿತು. ನಮ್ಮನ್ನು ಕರೆಯುವಾಗ ನಿರೂಪಕರು ಹೇಳಿದರು: "ಊಟದ ಹೊತ್ತಾಯ್ತು, ದಯವಿಟ್ಟು ಪ್ರಶ್ನೆ ಸೇರಿ ಹತ್ತು ನಿಮಿಷದಲ್ಲಿ ಮುಗಿಸಿ."

ಹದಿನೈದು ಹತ್ತಾಯಿತು. ಪ್ರಶ್ನೆಗೆ ಮೂರು ನಿಮಿಷ ಬಿಟ್ಟರೆ ಮಾತಿಗೆ ಏಳು. ಅಕ್ಕ ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದರು, ಎರಡೂ ಕತ್ತರಿ ಅಂತ. ಅಲ್ಲಿ ನಿಂತು ಲೆಕ್ಕ ಹಾಕುವ ಕೆಲಸವೇ ಇರಲಿಲ್ಲ. ಸೊಸೆ ಮುಂದಿನ ಸಾಲಿನಲ್ಲಿ ಕೂತು, ಅಕ್ಕ ಮೊದಲ ಮಾತು ಆಡಿದಾಗ ಸ್ಟಾಪ್‌ವಾಚ್ ಒತ್ತಿದಳು. ಗೋಡೆ ಗಡಿಯಾರ ನೋಡಿದರೆ ಶುರುವಾದ ಹೊತ್ತನ್ನು ನೆನಪಿಡಬೇಕು, ಸ್ಟಾಪ್‌ವಾಚ್ ಸೊನ್ನೆಯಿಂದ ಶುರುವಾಗುತ್ತದೆ.

5 ಮುಗಿದಾಗ 4:15. ನಾನು 8 ಒತ್ತಿದೆ. ಖರ್ಚನ್ನು ಒಂದೇ ವಾಕ್ಯದಲ್ಲಿ ಹೇಳಿದರು. ಮುಗಿದಾಗ 6:50. ಪ್ರಶ್ನೆ ಮೂರು ಬಂದವು, ಮೊದಲನೆಯದೇ ಖರ್ಚಿನದು: ತೂಬಿಗೆ 1 ಲಕ್ಷ 40 ಸಾವಿರ ಯಾಕೆ? ನಾನು 9 ಒತ್ತಿ ಸ್ಲೈಡ್ ತಂದೆ, ಅಕ್ಕ ಅಭ್ಯಾಸದಲ್ಲಿ ಹೇಳಿದ್ದನ್ನೇ ಹೇಳಿದರು. ಮಾವನವರ ಕಥೆಯನ್ನು ಯಾರೂ ಕೇಳಲಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ಹೇಳಿದ ಆ ನಾಲ್ಕು ಸೆಕೆಂಡಿನ ಮಾತಷ್ಟೇ ಸಭೆಗೆ ಹೋಯಿತು.

ತಿಂಗಳ ಮೇಲೆ ಪತ್ರ ಬಂತು. ಕಾಲುವೆಯ 2 ಲಕ್ಷಕ್ಕೆ ಒಪ್ಪಿಗೆ, ತೂಬಿನ ಕೆಲಸವನ್ನು ಮುಂದಿನ ವರ್ಷ ನೋಡೋಣ ಅಂತ. ಮುಂಗಾರಿಗೆ ಮುಂಚೆ ಕಾಲುವೆ ಬಿಡಿಸಿಯಾಯಿತು.

ಇದು ನಡೆಯದ ಕಡೆ

ಕತ್ತರಿ ಗುರುತಿಗೆ ಒಂದು ಮಿತಿ ಇದೆ. ಅಭ್ಯಾಸದಲ್ಲೇ ಪ್ರತಿ ಸಲ ಹೊತ್ತು ಮೀರುತ್ತಿದ್ದರೆ ಅದಕ್ಕೆ ಕತ್ತರಿ ಗುರುತು ಮದ್ದಲ್ಲ, ಆ ಸ್ಲೈಡ್‌ಗಳನ್ನು ತೆಗೆದೇ ಹಾಕಬೇಕು. ಎಲ್ಲ ಸರಿಹೋದರೆ ಪೂರ್ತಿ ಮಾತು ಕೊಟ್ಟ ಹೊತ್ತಿನಲ್ಲಿ ಮುಗಿಯುವಂತಿರಬೇಕು. ಕತ್ತರಿ ಇರುವುದು ಹೊರಗಿನಿಂದ ಬರುವ ತೊಂದರೆಗೆ: ಹಿಂದಿನವರ ತಡ, ಕರೆಂಟು, ನಡುವೆ ಬಂದ ಪ್ರಶ್ನೆ.

ಇನ್ನೊಂದು, ಸಮಿತಿಯಲ್ಲಿ ಕನ್ನಡ ಬಾರದವರಿದ್ದು ಪಕ್ಕದಲ್ಲಿ ಒಬ್ಬರು ವಾಕ್ಯ ವಾಕ್ಯವಾಗಿ ಅನುವಾದ ಮಾಡುವುದಾದರೆ ಹೊತ್ತು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆಗ 9 ನಿಮಿಷದಲ್ಲಿ ನಿಮ್ಮ ಮಾತಿಗೆ ಸಿಗುವುದು ನಾಲ್ಕೂವರೆ. ಅನುವಾದ ಇದೆಯೇ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಇದ್ದರೆ ಹೊಸ ಪಟ್ಟಿಯನ್ನೇ ಮಾಡಿ, ಅನುವಾದ ಮಾಡುವವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅಭ್ಯಾಸ ಮಾಡಿ.

ಈಗ ಪಕ್ಕದ ಊರಿನ ಸಂಘದವರು ಇಂಥದ್ದೇ ಅರ್ಜಿ ಹಾಕಿ ಅಕ್ಕನ ಹತ್ತಿರ ಬಂದಿದ್ದಾರೆ. ಅವರ ಫೈಲಿನಲ್ಲಿ ಇಪ್ಪತ್ತೆರಡು ಸ್ಲೈಡ್ ಇದೆ. ಅಕ್ಕ ಒಂದನ್ನೂ ನೋಡದೆ ಮೊದಲು ಕೇಳಿದ್ದು: "ಸಾಲದಿದ್ರೆ ಯಾವ್ದನ್ನ ಬಿಡ್ತೀರ, ಅದನ್ನ ಹೇಳ್ರಮ್ಮ." ಅವರು ಇನ್ನೂ ಯೋಚನೆ ಮಾಡುತ್ತಿದ್ದಾರೆ.